ಪದಚರ್ಚೆ: ವೈರ್‌ಫ್ರೇಮ್, ಪ್ರೂಫ್ ಪಾಯಿಂಟ್, ಎನ್‌ರೋಲ್ (ಸಂಜೆಯೊಳಗೆ ಬೇಕು)

ಸುಮಾ, ಕುಮಟಾ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆ ಇಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಗಣಿತ, ವಿಜ್ಞಾನದ ಟ್ಯೂಷನ್ ಮಾಡುತ್ತಾರೆ. ಅದಕ್ಕೊಂದು ವೆಬ್ ಪುಟ ಮಾಡಿಕೊಡುವ ಕೆಲಸ ನನಗೆ ಬಂದಿದೆ. ಮೇಲೆ ಒಂದು ತಲೆಬರಹ, ಕೆಳಗೆ ನೋಡುವವರಿಗೆ ನಂಬಿಕೆ ಬರಿಸುವ ಮೂರು ಪ್ರೂಫ್ ಪಾಯಿಂಟ್, ಅದರ ಕೆಳಗೆ ಒಂದೇ ಒಂದು ಎನ್‌ರೋಲ್ ಬಟನ್. ಮೆನು ಇಲ್ಲ, ಫೋಟೋಗಳ ಸಾಲು ಇಲ್ಲ. ಬಣ್ಣ, ಚಿತ್ರಕ್ಕೆ ಕೈ ಹಾಕುವ ಮೊದಲು, ಎಲ್ಲಿ ಏನು ಬರುತ್ತದೆ ಅಂತ ಬರೀ ಗೆರೆಯಲ್ಲಿ ತೋರಿಸುವ ವೈರ್‌ಫ್ರೇಮ್ ಮಾಡಿದ್ದೇನೆ. ಸಂಜೆ 6ಕ್ಕೆ ಅತ್ತಿಗೆಗೆ ತೋರಿಸಬೇಕು. ಹಾಳೆಯ ಮೇಲೆ ಇಂಗ್ಲಿಷ್ ಪದ ಕಂಡರೆ ಅವರು ಅಲ್ಲೇ ನಿಂತುಬಿಡುತ್ತಾರೆ, ಮುಂದೆ ನೋಡುವುದಿಲ್ಲ.

ಬೇಕಾದ ಪದ ಮೂರು: ವೈರ್‌ಫ್ರೇಮ್, ಪ್ರೂಫ್ ಪಾಯಿಂಟ್, ಎನ್‌ರೋಲ್. ಸದ್ಯಕ್ಕೆ ಹಾಳೆಯಲ್ಲಿ ಬರೆದಿರುವುದು ಹೀಗಿದೆ.

ತಲೆಬರಹ: ನಿಮ್ಮ ಮಕ್ಕಳ ಉಜ್ವಲ ಭವಿಷ್ಯಕ್ಕೆ ಭದ್ರ ಬುನಾದಿ
ಮೂರು ಅಂಶ: ಅನುಭವಿ ಶಿಕ್ಷಕರು / ಉತ್ತಮ ಫಲಿತಾಂಶ / ವೈಯಕ್ತಿಕ ಗಮನ
ಬಟನ್: ಈಗಲೇ ನಿಮ್ಮ ಮಗುವಿನ ಹೆಸರನ್ನು ನೋಂದಾಯಿಸಿಕೊಳ್ಳಿ

ಭಟ್, ಶಿರಸಿ

ವೈರ್‌ಫ್ರೇಮ್‌ಗೆ ಹಂದರ. ಬೇರೆ ಹುಡುಕಬೇಡಿ. ಅಂಗಳದಲ್ಲಿ ಕಂಬ ನೆಟ್ಟು, ಅಡಿಕೆ ದಬ್ಬೆ ಹಾಸಿ ಕಟ್ಟಿರುತ್ತೀರಿ, ಸೋಗೆ ಇನ್ನೂ ಹೊದೆಸಿಲ್ಲ. ಆಗ ಕಾಣುವುದು ಹಂದರ. ಎಲ್ಲಿ ಏನು ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ, ನೆರಳು ಮಾತ್ರ ಇಲ್ಲ. ಎಲುಬಿನ ಹಂದರ ಅಂತಲೂ ಹೇಳುತ್ತೇವೆ.

ಎನ್‌ರೋಲ್‌ಗೆ ನೋಂದಣಿ ಸರಿಯಿದೆ, ಅಚ್ಚ ಕನ್ನಡ. ದಾಖಲಾತಿ ಮಾತ್ರ ಬೇಡ, ಅದು ಪಾರ್ಸಿ ಸರಕು.

ಮಾಸ್ತರ್, ಕಾರವಾರ

ಭಟ್ರೇ, ನೋಂದಣಿ ಅಚ್ಚ ಕನ್ನಡ ಅಂತ ಯಾರು ಹೇಳಿದ್ದು? ಅದು ಮರಾಠಿಯ ನೋಂದ, ನೋಂದಣೀ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು, 1956ರವರೆಗೂ ಅಲ್ಲೇ ಇತ್ತು. ಕಚೇರಿಯ ಮಾತು ಮರಾಠಿಯ ದಾರಿಯಿಂದ ಬಂತು. ಪ್ರೂಫ್‌ಗೆ ಪುರಾವೆ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅದೂ ಮರಾಠಿಯದೇ.

ವೈರ್‌ಫ್ರೇಮ್‌ಗೆ ತಂತಿ ಚೌಕಟ್ಟು. ನಾಲ್ಕು ಕಡೆ ಕಟ್ಟಿದ್ದು ಚೌಕಟ್ಟು, ನಮ್ಮದೇ ಪದ.

ಹಳಿಯಾಳದ ಓದುಗ

ತಂತಿ ಬೇಲಿಯ ಬಗ್ಗೆ ಕೇಳ್ತಿದ್ದಾರಾ? ನಮ್ಮ ಹೊಲಕ್ಕೆ ಹೋದ ವರ್ಷ ಹಾಕಿಸಿದ್ದೇವೆ. ಕಂಬದಿಂದ ಕಂಬಕ್ಕೆ ಎಂಟು ಅಡಿ ಇರಲಿ, ಹೆಚ್ಚಾದರೆ ತಂತಿ ಜೋಲುತ್ತದೆ.

ನಯನಾ, ಶಿರಸಿ

ಬೇಲಿಯಲ್ಲ ಸರ್, ವೆಬ್ ಪುಟ.

ನಾನು ಮಾಡುವುದು ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಸುಮಾ, ನಿಮ್ಮ ಮೂರು ಪದಗಳಲ್ಲಿ ಎರಡನ್ನು ಪುಟ ನೋಡುವವರು ಯಾರೂ ಓದುವುದಿಲ್ಲ. ವೈರ್‌ಫ್ರೇಮ್ ಅನ್ನುವುದು ನಿಮಗೂ ಅತ್ತಿಗೆಗೂ ನಡುವಿನ ಹಾಳೆ. ಪ್ರೂಫ್ ಪಾಯಿಂಟ್ ಅನ್ನುವುದು ಆ ಹಾಳೆಯಲ್ಲಿ ಮೂರು ಡಬ್ಬಿಗೆ ನೀವು ಇಟ್ಟ ಹೆಸರು. ಪುಟದ ಮೇಲೆ 'ಪುರಾವೆಗಳು' ಅಂತ ತಲೆಕಟ್ಟು ಹಾಕಿದರೆ ಕೋರ್ಟಿಗೆ ಬಂದ ಹಾಗಿರುತ್ತದೆ. ಅಲ್ಲಿ ತಲೆಕಟ್ಟೇ ಬೇಡ. ಹಾಳೆಯಲ್ಲಿ ಹಂದರ ಅಂತ ಬರೆಯಿರಿ, ಚೆನ್ನಾಗಿದೆ. ಅಲ್ಲಿಗೆ ಮುಗಿಯಿತು.

ನಿಜವಾಗಿ ಹುಡುಕಬೇಕಾದದ್ದು ತಲೆಬರಹದ ಮಾತು, ಬಟನ್ನಿನ ಮಾತು. ನಿಮ್ಮ ತಲೆಬರಹವನ್ನು ಬ್ಯಾಂಕಿನ ಠೇವಣಿ ಜಾಹೀರಾತಿನ ಮೇಲೆ ಅಂಟಿಸಿ ನೋಡಿ, ಕೂತುಕೊಳ್ಳುತ್ತದೆ. ಮಕ್ಕಳ ಬಿಸ್ಕತ್ತಿಗೂ ಕೂತುಕೊಳ್ಳುತ್ತದೆ. ಅಂದರೆ ಟ್ಯೂಷನ್ನಿನ ಬಗ್ಗೆ ಅದು ಏನೂ ಹೇಳುತ್ತಿಲ್ಲ. ಯಾವ ತರಗತಿ, ಯಾವ ವಿಷಯ, ಎಲ್ಲಿ, ಎಷ್ಟು ಗಂಟೆಗೆ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಿದ ತಾಯಿಗೆ ಮೊದಲು ಬೇಕಾದದ್ದು ಇಷ್ಟು.

'ಹತ್ತನೇ ತರಗತಿ ಗಣಿತ, ವಿಜ್ಞಾನ ಟ್ಯೂಷನ್. ಕುಮಟಾದಲ್ಲಿ, ಸಂಜೆ 5ರಿಂದ 7.'

ಸಪ್ಪೆ ಅನ್ನಿಸಬಹುದು. ಅನ್ನಿಸಲಿ.

ಮೂರು ಅಂಶಗಳಿಗೂ ಅದೇ ಮಾತು. 'ಉತ್ತಮ ಫಲಿತಾಂಶ' ಅಂತ ಫಲಿತಾಂಶ ಕೆಟ್ಟವರೂ ಬರೆಯುತ್ತಾರೆ. ಹೋದ ವರ್ಷ ಎಷ್ಟು ಮಕ್ಕಳು ಪರೀಕ್ಷೆ ಬರೆದರು, ಎಷ್ಟು ಪಾಸಾದರು, ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಅತ್ತಿಗೆ ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ. ಈ ಅಂಕಿಗಳನ್ನು ಕೇಳಿ ತನ್ನಿ. ಬರೀ ಶೇಕಡಾ ಬೇಡ. ನಾಲ್ಕೇ ಮಕ್ಕಳಿದ್ದು ನಾಲ್ವರೂ ಪಾಸಾದರೂ ಶೇ. 100 ಆಗುತ್ತದೆ.

ಮಾಸ್ತರ್, ಕಾರವಾರ

ತಂಗಿ, ಪದ ಕೇಳಿದರೆ ನೀವು ಪುಟ ತಿದ್ದಲು ಕೂತಿರಿ. ಇದು ಪದಚರ್ಚೆ.

ನಯನಾ, ಶಿರಸಿ

ಪುಟದ ಮೇಲಿನ ಪದವೂ ಪದವೇ ಅಲ್ವಾ ಮಾಸ್ತರೇ?

ಇನ್ನು ಬಟನ್. ಸುಮಾ ಬರೆದ ಸಾಲನ್ನು ಈಗಷ್ಟೇ 360 ಪಿಕ್ಸೆಲ್ ಅಗಲದಲ್ಲಿ ಹಾಕಿ ನೋಡಿದೆ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಪುಟದ ಅಗಲ ಸುಮಾರು ಅಷ್ಟೇ. ಅಕ್ಷರ 18 ಪಿಕ್ಸೆಲ್ ಇಟ್ಟರೆ ಸಾಲು ಮುರಿದು ಕೆಳಗೆ ಇಳಿಯುತ್ತದೆ. ಬಟನ್ನಿನ ಎತ್ತರವನ್ನು 40 ಅಂತ ಕಟ್ಟಿಹಾಕಿದ್ದರೆ ಎರಡನೇ ಸಾಲು ಅಂಚು ದಾಟಿ ಹೊರಗೆ ಬೀಳುತ್ತದೆ. ಜೊತೆಗೆ `overflow: hidden` ಇದ್ದರೆ 'ಕೊಳ್ಳಿ'ಯ ಒತ್ತು ಕತ್ತರಿಸಿ ಹೋಗಿ 'ಕೊಳಿ' ಉಳಿಯಬಹುದು. ಇಂಗ್ಲಿಷಿನಲ್ಲಿ ವೈರ್‌ಫ್ರೇಮ್ ಮಾಡಿ ಆಮೇಲೆ ಕನ್ನಡ ತುಂಬುವವರಿಗೆ ಇದು ಕೊನೆಯ ದಿನ ಗೊತ್ತಾಗುತ್ತದೆ. ಡಬ್ಬಿಯೊಳಗೆ ಸುಮ್ನೆ ಅಡ್ಡಗೆರೆ ಎಳೆದು 'ಇಲ್ಲಿ ಪಠ್ಯ' ಅಂತ ಬರೆದರೂ ಇದೇ ಗತಿ. ಹಂದರದಲ್ಲೇ ನಿಜವಾದ ಕನ್ನಡ ಸಾಲು ಇರಬೇಕು.

ಎತ್ತರವನ್ನು ಹೀಗೆ ಬಿಡಿ:

```css
.button {
  min-height: 48px;
  padding: 8px 16px;
  line-height: 1.5;
}
```

`height` ಬರೆಯಬೇಡಿ, `min-height` ಬರೆಯಿರಿ. ಅಕ್ಷರ ಜಾಸ್ತಿಯಾದರೆ ಬಟನ್ ತಾನೇ ಬೆಳೆಯುತ್ತದೆ. ತಲೆಬರಹ ಎರಡು ಸಾಲಾಗುವುದು ಖಂಡಿತ, ಅದಕ್ಕೂ ಸಾಲಿನ ಅಂತರ 1.5ರ ಹತ್ತಿರ ಇರಲಿ. ಇಂಗ್ಲಿಷ್ ತಲೆಬರಹಕ್ಕೆ ಕೊಡುವ 1.1 ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ತಲೆಗೆ ಹೊಡೆಯುತ್ತದೆ.

ಭಟ್, ಶಿರಸಿ

ಬಟನ್, ಬಟನ್ ಅಂತ ಎಷ್ಟು ಸಲ? ಗುಂಡಿ ಅನ್ನಿ. ಅಂಗಿಗೆ ಇಲ್ಲವಾ ಗುಂಡಿ?

ಸುಮಾ, ಕುಮಟಾ

ಕುಮಟಾ-ಶಿರಸಿ ರಸ್ತೆಯಲ್ಲಿ ಓಡಾಡುವವಳಿಗೆ ಗುಂಡಿ ಅಂದರೆ ಬೇರೆಯೇ ನೆನಪಾಗುತ್ತದೆ ಭಟ್ರೇ.

ಮಾಸ್ತರ್, ಕಾರವಾರ

ನಮ್ಮ ಕೊಂಕಣಿಯಲ್ಲಿ ಬುತಾಂವ್, ಪೋರ್ಚುಗೀಸರಿಂದ ಬಂದದ್ದು. ಚಾವಿಯೂ ಅಲ್ಲಿಂದಲೇ, ಬಟಾಟೆಯೂ ಅಲ್ಲಿಂದಲೇ. ಬಟಾಟೆ ಪಲ್ಯ ತಿಂದವರು ಬಟನ್ ಬೇಡ ಅನ್ನುವುದು ಯಾವ ನ್ಯಾಯ?

ಭಟ್, ಶಿರಸಿ

ಅಡುಗೆಮನೆಯ ಮಾತು ಬೇರೆ, ಹೊಸ ಪದ ಕಟ್ಟುವ ಮಾತು ಬೇರೆ. ಬಂದದ್ದನ್ನು ಓಡಿಸಿ ಅಂತ ನಾನು ಹೇಳಿಲ್ಲ. ಕೈಗೆ ಸಿಗುವ ನಮ್ಮ ಪದ ಬಿಟ್ಟು ಸಾಲ ಎತ್ತಬೇಡಿ ಅಂದೆ. ಅಂದಹಾಗೆ ಚೌಕಟ್ಟು ನಮ್ಮದೇ ಪದ ಅಂದಿರಲ್ಲ, ಆ ಚೌ ಎಲ್ಲಿಯದು? ಬಾಗಿಲ ಚೌಕಟ್ಟಿಗೆ ಮರಾಠಿಯಲ್ಲೂ ಚೌಕಟ ಅಂತಾರೆ. ಮರಾಠಿ ಹಿಡಿದುಕೊಡುವ ಮಾಸ್ತರರ ಕಣ್ಣಿಗೆ ತಮ್ಮ ಮನೆಯ ಬಾಗಿಲೇ ಬೀಳಲಿಲ್ಲ.

ಮಾಸ್ತರ್, ಕಾರವಾರ

ಚೌ ಅವರದು, ಕಟ್ಟು ನಮ್ಮದು. ಅರ್ಧ ಸೋಲು ಒಪ್ಪಿದೆ. ಪೂರ್ತಿ ಒಪ್ಪುವುದಿಲ್ಲ.

ಸುಮಾ, ಕುಮಟಾ

ನಾಲ್ಕು ಗಂಟೆ ಆಯಿತು. ದಯವಿಟ್ಟು ಬಟನ್ನಿನ ಮಾತು ಹೇಳಿ. ಸೇರಿ? ಪ್ರವೇಶಾತಿ? ಕಾಲೇಜಿನ ಗೇಟಿನಲ್ಲಿ ಪ್ರವೇಶಾತಿ ನೋಡಿದ್ದೇನೆ.

ಭಟ್, ಶಿರಸಿ

ಪ್ರವೇಶಾತಿ ಬೇಡವೇ ಬೇಡ. ದಾಖಲಾತಿಯ ಬಾಲ ಕಿತ್ತು ಸಂಸ್ಕೃತದ ಪ್ರವೇಶಕ್ಕೆ ಅಂಟಿಸಿದ್ದಾರೆ. ಪ್ರವೇಶ ಅಂದರೆ ಏನು ಕಮ್ಮಿಯಾಗಿತ್ತು?

ಹಳಿಯಾಳದ ಓದುಗ

ಈಗ ಅರ್ಥವಾಯಿತು. ನಮ್ಮ ಕಡೆ ಸಾಲಿಗೆ, ಅಂದರೆ ಶಾಲೆಗೆ, ಹೆಸರು ಹಚ್ಚುತ್ತಾರೆ. 'ಹೆಸರು ಹಚ್ಚಿ' ಅಂತ ಹಾಕಿ, ಎರಡೇ ಮಾತು.

ನಯನಾ, ಶಿರಸಿ

ಬೇಲಿಯಿಂದ ಒಳ್ಳೆ ಕಡೆಗೇ ಬಂದಿರಿ ಸರ್! ಆದರೆ ಘಟ್ಟದ ಕೆಳಗೆ ಹಚ್ಚುವುದು ಅಂದರೆ ದೀಪ, ಇಲ್ಲದಿದ್ದರೆ ಎಣ್ಣೆ. ಕುಮಟಾದಲ್ಲಿ 'ಹೆಸರು ಬರೆಸಿ' ನಡೆಯುತ್ತದೆ. ಒತ್ತುವವರು ತಾಯಿಯೋ ತಂದೆಯೋ, ಸೇರುವುದು ಮಗು. 'ಸೇರಿ' ಅಂದರೆ ಮಗುವಿಗೆ ಹೇಳಿದ ಹಾಗಾಯಿತು. 'ಬರೆಸಿ'ಯಲ್ಲಿ ಆ ತೊಡಕಿಲ್ಲ. 360ರಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತದೆ, ಎರಡೂ ಕಡೆ ಜಾಗ ಉಳಿಯುತ್ತದೆ.

ಇನ್ನೊಂದು ಮಾತು. ಪುಟ ಉದ್ದವಾದರೆ ಅದೇ ಬಟನ್ನನ್ನು ಕೆಳಗೂ ಇಡಬಹುದು, ಆದರೆ ಮಾತು ಬದಲಿಸಬೇಡಿ. ಮೇಲೆ 'ಹೆಸರು ಬರೆಸಿ', ಕೆಳಗೆ 'ಪ್ರವೇಶ ಪಡೆಯಿರಿ' ಅಂತ ಇದ್ದರೆ ಎರಡು ಬೇರೆ ಕೆಲಸ ಅಂತ ಜನ ತಿಳಿಯುತ್ತಾರೆ. ಒತ್ತಿದ ಮೇಲೆ ಬರುವ ಫಾರ್ಮಿನಲ್ಲಿ ಮಗುವಿನ ಹೆಸರು, ಶಾಲೆ, ಫೋನ್ ನಂಬರ್ ಸಾಕು. ಆಧಾರ್ ಸಂಖ್ಯೆ ಕೇಳುವ ಟ್ಯೂಷನ್ ಪುಟವನ್ನೂ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಸುಮಾ, ಕುಮಟಾ

ತೋರಿಸಿ ಬಂದೆ. ಹಾಳೆಯ ತಲೆಯಲ್ಲಿ 'ಹಂದರ' ಅಂತ ಬರೆದಿದ್ದೆ. ಅತ್ತಿಗೆ ಅದನ್ನು ನೋಡಿ "ಯಾರ ಮನೆ ಮದುವೆ?" ಅಂದರು. ತಲೆಬರಹ ಒಪ್ಪಿದರು, 'ಸಂಜೆ' ತೆಗೆಸಿ ಗಂಟೆ ಮಾತ್ರ ಇಟ್ಟರು. 'ಹೆಸರು ಬರೆಸಿ' ಕೂಡಲೇ ಆಯಿತು.

ಜಗಳ ಆದದ್ದು ಮಧ್ಯದ ಸಾಲಿಗೆ. ಹೋದ ವರ್ಷ ಪರೀಕ್ಷೆ ಬರೆದವರು 23, ಗಣಿತದಲ್ಲಿ ಪಾಸಾದವರು 22. ಹಾಗೇ ಬರೆಯೋಣ ಅಂದೆ. "ಆ ಒಬ್ಬ ಹುಡುಗ ಯಾರು ಅಂತ ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಅವನ ಅಮ್ಮ ದಿನಾ ಮೀನು ಪೇಟೆಯಲ್ಲಿ ಸಿಗುತ್ತಾರೆ" ಅಂದರು. ಅದೂ ನಿಜವೇ. ಬ್ಯಾಚಿಗೆ 15 ಮಕ್ಕಳು, 11 ವರ್ಷದ ಪಾಠ, ಈ ಎರಡು ಸಾಲು ಖಾಯಂ. ಮೂರನೇ ಡಬ್ಬಿ ಖಾಲಿ ಇದೆ.

ನಯನಾ, ಶಿರಸಿ

ಅತ್ತಿಗೆ ಹೇಳಿದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ ಅಲ್ವಾ? ಅದರಲ್ಲಿ 60 ದಾಟಿದವರು ಎಷ್ಟು ಅಂತ ಕೇಳಿ. '23ರಲ್ಲಿ ಇಷ್ಟು ಮಂದಿ' ಅಂತ ಬರೆದರೆ ಸುಳ್ಳೂ ಆಗುವುದಿಲ್ಲ, ಆ ಹುಡುಗ ಒಬ್ಬನೇ ಎದ್ದು ಕಾಣುವುದೂ ಇಲ್ಲ. ಸಂಖ್ಯೆ ತೀರಾ ಚಿಕ್ಕದಿದ್ದರೆ ಆ ಸಾಲೇ ಬೇಡ. ಎರಡೇ ಡಬ್ಬಿ ಇರಲಿ.

ಮಾಸ್ತರ್, ಕಾರವಾರ

ಎಲ್ಲ ಸರಿ. 'ಬರೆಸಿ'ಯೋ 'ಬರೆಯಿಸಿ'ಯೋ ಅಂತ ಯಾರೂ ಕೇಳಲೇ ಇಲ್ಲ.

ಭಟ್, ಶಿರಸಿ

ಬರೆಸಿ. ಬರೆಯಿಸಿ ಅಂದರೆ ಸುಮಾ ಅವರ ಗುಂಡಿ ಮತ್ತೆ ಅಗಲವಾಗುತ್ತದೆ.