ಮೂರು ಶಾಖೆಯ ಅಂಕ, ಒಂದೇ ವರದಿ: ಸರಾಸರಿ ತೆಗೆಯೋದು ಹೇಗೆ?

"ನಮ್ಮ ಪತ್ತಿನ ಸಹಕಾರ ಸಂಘದ ಮೂರು ಶಾಖೆಗಳಲ್ಲಿ ಸದಸ್ಯರಿಂದ 5ಕ್ಕೆ ಅಂಕ ಹಾಕಿಸಿದ್ದೇವೆ. ಪೇಟೆ ಶಾಖೆಯಲ್ಲಿ 400 ಜನ ಬರೆದುಕೊಟ್ಟರು, ಸರಾಸರಿ 3.2. ಹಳ್ಳಿಯ ಎರಡು ಶಾಖೆಗಳಲ್ಲಿ ತಲಾ 50 ಜನ, ಸರಾಸರಿ 4.6 ಮತ್ತು 4.4. ಆಡಳಿತ ಮಂಡಳಿಗೆ ಒಂದೇ ಅಂಕಿ ಬೇಕಂತೆ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಸಾಕಾ? ಮಾಡಿದವರು ಹೇಳಿ."

ಲೆಕ್ಕಪತ್ರ ವಿಭಾಗದವರು: ಬೇಡ ಸರ್. ಹಾಗೆ ಮಾಡಿದರೆ 4.07 ಬರುತ್ತೆ. ಬರೆದುಕೊಟ್ಟ 500 ಜನರಲ್ಲಿ 400 ಮಂದಿ ಪೇಟೆಯವರು, ಅವರ ಬೇಸರ ಆ ಅಂಕಿಯಲ್ಲಿ ಕಾಣೋದೇ ಇಲ್ಲ. ಹೆಚ್ಚು ಜನ ಬರೆದ ಶಾಖೆಯ ಅಂಕಕ್ಕೆ ಹೆಚ್ಚು ತೂಕ ಸಿಗಬೇಕು. ಎಕ್ಸೆಲ್‌ನ B ಕಾಲಂನಲ್ಲಿ ಅಂಕ, C ಕಾಲಂನಲ್ಲಿ ಬರೆದುಕೊಟ್ಟವರ ಸಂಖ್ಯೆ ಇಟ್ಟು ಇದನ್ನು ಹಾಕಿ:

```
=SUMPRODUCT(B2:B4,C2:C4)/SUM(C2:C4)
```

3.46 ಬರುತ್ತೆ. ಅದೇ ಸರಿಯಾದ ಉತ್ತರ.

ಲ್ಯಾಬ್ ಮ್ಯಾನೇಜರ್: ನಾವೂ ತೂಕ ಹಾಕ್ತೀವಿ. ಕಾಯುವ ಸಮಯದ ಪ್ರಶ್ನೆಗೆ 60, ಸಿಬ್ಬಂದಿ ನಡವಳಿಕೆಗೆ 40. ಇದನ್ನು ನಿಗದಿ ಮಾಡೋಕೆ ಮೂರು ಮೀಟಿಂಗ್ ಬೇಕಾಯ್ತು.

ಸಮೀಕ್ಷೆ ಕೆಲಸದವರು: ಮೇಡಂ, ನೀವು ಹೇಳ್ತಿರೋದು ಪ್ರಶ್ನೆಗಳ ತೂಕ. ಇಲ್ಲಿ ಕೇಳಿರೋದು ಶಾಖೆಗಳ ತೂಕ. ಮೇಲೆ ಕೊಟ್ಟ ಸೂತ್ರ ಸರಿಯಾಗಿದೆ, ಆದರೆ C ಕಾಲಂ ಬಗ್ಗೆ ನನಗೆ ತಕರಾರಿದೆ. ಮುಂದಿನ ತ್ರೈಮಾಸಿಕದಲ್ಲಿ ಹಳ್ಳಿ ಶಾಖೆಯವರು ಮುತುವರ್ಜಿಯಿಂದ ತಲಾ 200 ಜನರ ಹತ್ತಿರ ಬರೆಸಿದರು ಅಂದುಕೊಳ್ಳಿ. ಮೂರೂ ಶಾಖೆಯ ಸರಾಸರಿ ಈಗಿದ್ದಷ್ಟೇ ಇದ್ದರೂ ಒಟ್ಟು ಅಂಕಿ 3.46ರಿಂದ 3.85ಕ್ಕೆ ಏರುತ್ತೆ. ಸೇವೆ ಸುಧಾರಿಸಿತು ಅಂತ ಮಂಡಳಿ ಖುಷಿಪಡುತ್ತೆ, ನಿಜಕ್ಕೂ ಹೆಚ್ಚಿದ್ದು ಫಾರಂಗಳ ಸಂಖ್ಯೆ ಮಾತ್ರ. ಶಾಖೆಯ ಒಟ್ಟು ಸದಸ್ಯರ ಸಂಖ್ಯೆಯನ್ನೇ ತೂಕವಾಗಿ ಹಾಕಿ. ನಿಮ್ಮಲ್ಲಿ ಎಷ್ಟೆಷ್ಟು ಸದಸ್ಯರಿದ್ದಾರೆ?

ಪ್ರಶ್ನೆ ಕೇಳಿದವರು: ಪೇಟೆಯಲ್ಲಿ 6000, ಹಳ್ಳಿಗಳಲ್ಲಿ ತಲಾ 2000.

ಸಮೀಕ್ಷೆ ಕೆಲಸದವರು: ಹಾಗಾದರೆ 3.72. ಫಾರಂ ಎಷ್ಟೇ ಬರಲಿ, ಶಾಖೆಯ ಸರಾಸರಿ ಬದಲಾಗದೆ ಇದು ಅಲುಗಾಡಲ್ಲ. ಒಂದು ಮಿತಿ ಇದೆ: ಸಿಟ್ಟಾದವರು ಮಾತ್ರ ಫಾರಂ ತುಂಬಿದ್ದರೆ ಆ ಶಾಖೆಯ 3.2 ತಾನೇ ವಾಲಿರುತ್ತೆ. ಯಾವ ತೂಕವೂ ಅದನ್ನು ನೆಟ್ಟಗೆ ಮಾಡಲ್ಲ.

ನಿವೃತ್ತ ಶಾಖಾ ವ್ಯವಸ್ಥಾಪಕರು: ನಾನಿದ್ದ ಸಣ್ಣ ಶಾಖೆಯಲ್ಲಿ ಒಮ್ಮೆ 12 ಫಾರಂ ಬಂದಿದ್ದವು. ಒಬ್ಬರು 5 ಹಾಕುವ ಕಡೆ 1 ಹಾಕಿದರೆ ಸರಾಸರಿ 0.33 ಇಳಿಯುತ್ತೆ. ಅಷ್ಟಕ್ಕೇ ನಮ್ಮ ಹುಡುಗರನ್ನು ನಿಲ್ಲಿಸಿ ಕೇಳಿದರು, ಇವತ್ತಿಗೂ ನೋವಿದೆ. ದಯವಿಟ್ಟು ಒಟ್ಟು ಅಂಕಿಯ ಕೆಳಗೆ ಪ್ರತಿ ಶಾಖೆಯ ಅಂಕ, ಬರೆದವರ ಸಂಖ್ಯೆ ಎರಡನ್ನೂ ಹಾಕಿ.

ಪ್ರಶ್ನೆ ಕೇಳಿದವರು: ಖಂಡಿತ ಹಾಕ್ತೀನಿ ಸರ್. ಇನ್ನೊಂದು ಅನುಮಾನ: ಪೇಟೆಯ 6000ದಲ್ಲಿ ತುಂಬಾ ಜನ ವರ್ಷಗಳಿಂದ ಶಾಖೆಗೇ ಬಂದಿಲ್ಲ. ಅವರನ್ನೂ ಎಣಿಸಬೇಕಾ?

ಸಮೀಕ್ಷೆ ಕೆಲಸದವರು: ನಾನಾದರೆ ಹಿಂದಿನ ವರ್ಷ ವ್ಯವಹಾರ ಮಾಡಿದವರನ್ನಷ್ಟೇ ಎಣಿಸಿ, ಆ ತೂಕವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಬದಲಿಸದೆ ಇಡ್ತೀನಿ.

ಲೆಕ್ಕಪತ್ರ ವಿಭಾಗದವರು: ಫಾರಂ ಸಂಖ್ಯೆಯ ವಿಷಯ ಒಪ್ಪಿದೆ. ಇದನ್ನು ಒಪ್ಪಲ್ಲ. ಬೇಸತ್ತು ಬರೋದನ್ನೇ ಬಿಟ್ಟವರೂ ಅವರಲ್ಲೇ ಇರ್ತಾರಲ್ಲ?