ಗೀಸರ್ ನೀರು 60 ಡಿಗ್ರಿ, ಸ್ನಾನದ ತೊಟ್ಟಿ 27 ಡಿಗ್ರಿ: ಥರ್ಮೋಸ್ಟಾಟ್ ಕೆಟ್ಟಿದೆಯೇ?

ಕುವೆಂಪುನಗರದ ನಿವಾಸಿ, ಮೈಸೂರು
ನಮ್ಮ ಮನೆಯದು 15 ಲೀಟರಿನ, 2 ಕಿಲೊವಾಟ್ ಗೀಸರ್. ನಲ್ಲಿಯಲ್ಲಿ ಅಳೆದರೆ ನೀರು 60 ಡಿಗ್ರಿ ಇರುತ್ತದೆ. ಆ ಬಿಸಿನೀರನ್ನೆಲ್ಲ ತೊಟ್ಟಿಗೆ ಬಿಟ್ಟು, ಉಳಿದದ್ದನ್ನು 25 ಡಿಗ್ರಿಯ ತಣ್ಣೀರಿನಿಂದ ತುಂಬಿಸಿ 150 ಲೀಟರ್ ಮಾಡಿದರೆ, ಅದು 27 ಡಿಗ್ರಿ ದಾಟುವುದಿಲ್ಲ. ಥರ್ಮೋಸ್ಟಾಟ್ ಬದಲಿಸಬೇಕೇ?

ಬೋರ್‌ವೆಲ್ ಬಳಕೆದಾರ
ನಮ್ಮಲ್ಲಿ ಗಡಸು ನೀರಿನಿಂದ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿಕೊಂಡಿತ್ತು. ತೆಗೆಸಿದ ಮೇಲೆ ಬೇಗ ಕಾಯತೊಡಗಿತು. ನೀವೂ ಮೊದಲು ಅದನ್ನು ನೋಡಿಸಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಪದರ ಕಟ್ಟಿದರೆ ಕಾಯುವುದು ನಿಧಾನವಾಗುತ್ತದೆ, ಆದರೆ ಇಲ್ಲಿ ನೀರು 60 ಡಿಗ್ರಿಗೆ ಬಂದೇ ಬರುತ್ತಿದೆ. ಆದುದರಿಂದ ಥರ್ಮೋಸ್ಟಾಟಿಗೆ ಖರ್ಚು ಮಾಡುವ ಮೊದಲು ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು ಒಂದು ಕಿಲೊಕ್ಯಾಲೊರಿ ಶಾಖ ಬೇಕು. 15 ಲೀಟರ್ ನೀರು 25ರಿಂದ 60ಕ್ಕೆ ಏರಿದಾಗ ಪಡೆದದ್ದು 525 ಕಿಲೊಕ್ಯಾಲೊರಿ. ಅದನ್ನೇ 150 ಲೀಟರಿಗೆ ಹಂಚಿದರೆ ಏರಿಕೆ ಮೂರೂವರೆ ಡಿಗ್ರಿ, ಅಂದರೆ 28.5. ಅದೇ 25ರಿಂದ 80 ಡಿಗ್ರಿಗೆ ಏರಿದ 150 ಮಿಲಿಲೀಟರ್ ಚಹಾ ಪಡೆದದ್ದು ಸುಮಾರು 8 ಕಿಲೊಕ್ಯಾಲೊರಿ ಮಾತ್ರ. ನಾಲಿಗೆ ಸುಡುವ ಆ ಲೋಟಕ್ಕಿಂತ ನಿಮಗೆ ತಣ್ಣಗೆನಿಸುವ ತೊಟ್ಟಿಗೆ ಅರುವತ್ತು ಪಟ್ಟಿಗೂ ಹೆಚ್ಚು ಶಾಖ ಹೋಗಿದೆ. ಥರ್ಮಾಮೀಟರ್ ತಾಪವನ್ನು ಹೇಳುತ್ತದೆಯೇ ಹೊರತು, ಎಷ್ಟು ನೀರಿಗೆ ಎಷ್ಟು ಶಾಖ ಸೇರಿದೆ ಎಂಬುದನ್ನಲ್ಲ.

ಪಿಯುಸಿ ವಿದ್ಯಾರ್ಥಿನಿ
ಹಾಗಾದರೆ ತೊಟ್ಟಿಯಲ್ಲಿ ಶಾಖ ಹೆಚ್ಚಿರುವುದರಿಂದ, ಚಹಾದ ಲೋಟವನ್ನು ಅದರಲ್ಲಿಟ್ಟರೆ ತೊಟ್ಟಿಯಿಂದ ಲೋಟಕ್ಕೆ ಶಾಖ ಹರಿಯಬೇಕಲ್ಲವೇ, ಸರ್?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ತೊಟ್ಟಿಯದು ಹೆಚ್ಚು ಎಂಬ ಮೊದಲರ್ಧ ಸರಿಯಮ್ಮ. ಆದರೆ ಹರಿವಿನ ದಿಕ್ಕನ್ನು ನಿರ್ಧರಿಸುವುದು ತಾಪದ ವ್ಯತ್ಯಾಸ. ಲೋಟವೇ ತಣ್ಣಗಾಗುತ್ತದೆ, ತೊಟ್ಟಿಯ ಏರಿಕೆ ಥರ್ಮಾಮೀಟರಿಗೂ ಕಾಣದಷ್ಟು ಅಲ್ಪ.

ಮಂಡ್ಯದ ರೈತ
ನಮ್ಮ ಹಂಡೆಯ ಒಲೆಗೆ ತೆಂಗಿನ ಗರಿ ಹಾಕಿದರೆ ಇಷ್ಟು ಲೆಕ್ಕವೇ ಬೇಕಾಗುವುದಿಲ್ಲ. ಆದರೂ ಕೇಳುತ್ತೇನೆ: ತೊಟ್ಟಿ 40 ಡಿಗ್ರಿ ಆಗಲು ಏನು ಮಾಡಬೇಕು?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
2250 ಕಿಲೊಕ್ಯಾಲೊರಿ ಬೇಕು. 2 ಕಿಲೊವಾಟ್ ಗೀಸರ್ ಅದನ್ನು ಕೊಡಲು ಏನೂ ನಷ್ಟವಿಲ್ಲದಿದ್ದರೂ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಹಿಡಿಯುತ್ತದೆ, ಅಷ್ಟರಲ್ಲಿ ಮೊದಲು ಬಿಟ್ಟ ನೀರು ಆರತೊಡಗುತ್ತದೆ. 60 ಡಿಗ್ರಿಯ ನೀರೇ ಸುಮಾರು 64 ಲೀಟರ್ ಬೇಕಾಗುವುದರಿಂದ, 100 ಲೀಟರಿನ ಸೋಲಾರ್ ಟ್ಯಾಂಕ್ ಇದ್ದವರಿಗೆ ಮಾತ್ರ ಇದು ಸುಲಭ.

ಕುವೆಂಪುನಗರದ ನಿವಾಸಿ, ಮೈಸೂರು
ಲೆಕ್ಕ ಅರ್ಥವಾಯಿತು, ಸರ್. ಆದರೆ 28.5 ಬರಬೇಕಾದಲ್ಲಿ 27 ಏಕೆ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಬಿಸಿನೀರು ಹೊರಬರುವಾಗ ಗೀಸರಿನೊಳಗೆ ತಣ್ಣೀರು ನುಗ್ಗಿ ಬೆರೆಯುವುದರಿಂದ 15 ಲೀಟರೂ 60ರಲ್ಲಿ ಸಿಗುವುದಿಲ್ಲ. ತೊಟ್ಟಿಯ ಗೋಡೆಯೂ ಸ್ವಲ್ಪ ಹೀರಿಕೊಳ್ಳುತ್ತದೆ. ಯಾವುದರ ಪಾಲು ಎಷ್ಟೆಂದು ಇಲ್ಲಿಂದ ಹೇಳಲಾಗದು; ನೀರನ್ನು ಐದೈದು ಲೀಟರಿನಂತೆ ಬಕೆಟ್ಟಿಗೆ ಹಿಡಿದು ಪ್ರತಿ ಸಲವೂ ತಾಪವನ್ನು ಬರೆದುಕೊಳ್ಳಿ. ಮೊದಲ ಬಕೆಟ್ಟೇ 60ಕ್ಕಿಂತ ಬಹಳ ಕಡಿಮೆ ಇದ್ದರೆ ಆಗ ಥರ್ಮೋಸ್ಟಾಟನ್ನು ಸಂಶಯಿಸೋಣ.