190 ಮಕ್ಕಳ ಯೂನಿಫಾರಂ, ಸೆಟ್‌ಗೆ 200 ರೂಪಾಯಿ: ಒಪ್ಪಿಕೊಳ್ಳಲಾ?

ಲಗ್ಗೆರೆಯ ಟೈಲರ್ (ಪ್ರಶ್ನೆ): ನನ್ನದು ಚಿಕ್ಕ ಅಂಗಡಿ. ನಾನೂ ಸೇರಿ ಮೂರು ಜನ, ಮೂರು ಮೆಷಿನ್. ಹತ್ತಿರದ ಒಂದು ಪ್ರೈವೇಟ್ ಶಾಲೆಯವರು 190 ಮಕ್ಕಳಿಗೆ ತಲಾ ಎರಡು ಸೆಟ್ ಹೊಲಿದುಕೊಡಿ ಅಂತ ಕೇಳಿದ್ದಾರೆ. ಬಟ್ಟೆ ಅವರದೇ. ಹೊಲಿಗೆಗೆ ಸೆಟ್‌ಗೆ 200 ಕೊಡುತ್ತಾರಂತೆ, ಎಲ್‌ಕೆಜಿ ಮಕ್ಕಳಿಗೆ ಇನ್ನೂ ಕಮ್ಮಿ ಮಾಡಿ ಅನ್ನುತ್ತಾರೆ. ಜೂನ್ 1ಕ್ಕೆ ಶಾಲೆ ಶುರು. ಇಷ್ಟು ದೊಡ್ಡ ಆರ್ಡರ್ ಮೊದಲ ಸಲ. ರೇಟ್ ಸರಿಯೇ? ಟೈಮಿಗೆ ಆಗುತ್ತದಾ?

ಒಬ್ಬ ಪೋಷಕರು: ಸೆಟ್‌ಗೆ 200ಆ! ನಮ್ಮ ಮಗನ ಶಾಲೆಯಲ್ಲಿ ಅದರ ಎಷ್ಟೋ ಪಟ್ಟು ತಗೊಳ್ಳುತ್ತಾರೆ. ಮೇಡಂ, ನಮಗೂ ಎರಡು ಸೆಟ್ ಹೊಲಿದುಕೊಡುತ್ತೀರಾ? ಅಳತೆ ಕಳಿಸುತ್ತೇನೆ.

ಲಗ್ಗೆರೆಯ ಟೈಲರ್: ಸರ್, 200 ಬರೀ ಹೊಲಿಗೆಗೆ. ಬಟ್ಟೆ ಸೇರಿಲ್ಲ. ಈಗ ಬಿಡಿ ಆರ್ಡರ್ ತಗೊಳ್ಳೋದಿಲ್ಲ, ಕ್ಷಮಿಸಿ.

ರಾಜಾಜಿನಗರದ ಬೊಟಿಕ್‌ನವರು: ಒಂದೇ ರೇಟ್ ಹೇಳಲೇಬೇಡಿ. ಸೈಜ್ ಮೇಲೆ ಹೇಳಿ. 22 ಸೈಜಿಗೆ ಕಮ್ಮಿ, 34ಕ್ಕೆ ಜಾಸ್ತಿ. ಎಲ್‌ಕೆಜಿಗೆ ಅವರು ಕಮ್ಮಿ ಕೇಳುವುದು ನ್ಯಾಯವೇ.

ಪೀಣ್ಯ ಕಡೆ ಯೂನಿಟ್ ಇಟ್ಟವರು: ಮೇಲಿನ ಮಾತು ಅರ್ಧ ಸರಿ. ಬಟ್ಟೆ ನಮ್ಮದಾದರೆ ಸೈಜ್ ಮೇಲೆ ರೇಟ್ ಹೇಳಬೇಕು, ದೊಡ್ಡ ಸೈಜಿಗೆ ಬಟ್ಟೆ ಜಾಸ್ತಿ ಹೋಗುತ್ತದೆ. ಬಟ್ಟೆ ಅವರದಾದರೆ ಆ ಲೆಕ್ಕ ಬಿದ್ದುಹೋಯಿತು. 22 ಸೈಜ್ ಶರ್ಟಿಗೂ ಒಂದು ಕಾಲರ್, ಎರಡು ತೋಳು, ಒಂದು ಜೇಬು, ಒಂದು ಸಾಲು ಬಟನ್. ಚಿಕ್ಕ ಕಾಲರ್ ತಿರುಗಿಸುವುದು ಇನ್ನೂ ಕಷ್ಟ, ಕೇಳಿ ನೋಡಿ ಯಾವ ಟೈಲರನ್ನಾದರೂ. ಎಲ್‌ಕೆಜಿಗೆ ಕಮ್ಮಿ ಮಾಡಬೇಡಿ ಅಕ್ಕ.

ಈಗ 200ರ ಲೆಕ್ಕ. ಇವು ನನ್ನ ಯೂನಿಟ್‌ನಲ್ಲಿ ನಡೆಯುವ ಅಂಕಿಗಳು, ನಿಮ್ಮ ಏರಿಯಾದಲ್ಲಿ ಸ್ವಲ್ಪ ಆಚೀಚೆ ಇರಬಹುದು. ಶರ್ಟ್ ಹೊಲಿದವರಿಗೆ ಪೀಸಿಗೆ 60. ಕಟಿಂಗ್ 8. ಕಾಜಾ ಮತ್ತು ಬಟನ್ ಹೊರಗೆ ಕೊಟ್ಟರೆ 6. ದಾರ, ಬಟನ್, ಕಾಲರ್ ಕ್ಯಾನ್ವಾಸ್ 12. ಇಸ್ತ್ರಿ, ಮಡಿಕೆ, ಕವರ್ 7. ಆಲ್ಟರ್‌ಗೆ ವಾಪಸ್ ಬರುವುದಕ್ಕೆ ಅಂತ 5 ಎತ್ತಿಡಿ. ಅಲ್ಲಿಗೆ 98. ಚಡ್ಡಿ ಅಥವಾ ಸ್ಕರ್ಟಿಗೆ ಹೊಲಿಗೆ 45, ಕಟಿಂಗ್ 8, ಎಲಾಸ್ಟಿಕ್ ಹುಕ್ ದಾರ 15, ಇಸ್ತ್ರಿ 6, ಒಟ್ಟು 74. ಎರಡೂ ಸೇರಿ ಸೆಟ್‌ಗೆ 172.

ಉಳಿಯುವುದು 28. 380 ಸೆಟ್‌ಗೆ 10,640. ಅದರಲ್ಲೇ ಬಾಡಿಗೆ, ಕರೆಂಟ್, ಆಟೋ, ಒಂದು ತಿಂಗಳು ನೀವು ಬೇರೆ ಗಿರಾಕಿಗಳನ್ನು ವಾಪಸ್ ಕಳಿಸಿದ ನಷ್ಟ ಎಲ್ಲ ಬರಬೇಕು. ನೀವೂ ಮೆಷಿನ್ ಮೇಲೆ ಕೂರುತ್ತೀರಿ, ಆ 60 ನಿಮಗೂ ಸಿಗುತ್ತದೆ, ನಿಜ. ಆದರೆ ಅದು ನಿಮ್ಮ ಕೂಲಿ, ಲಾಭ ಅಲ್ಲ. 240 ಕೇಳಿ, 220ರ ಕೆಳಗೆ ಇಳಿಯಬೇಡಿ. ಶರ್ಟಿಗೆ ಇಷ್ಟು, ಚಡ್ಡಿಗೆ ಇಷ್ಟು ಅಂತ ಬೇರೆ ಬೇರೆ ಬರೆದುಕೊಡಿ. ಸೆಟ್ ಅಂತ ಬರೆದರೆ ಆಮೇಲೆ ಜೇಬಿಗೆ ಬ್ಯಾಡ್ಜ್, ಸ್ಕರ್ಟ್ ಬದಲು ಪಿನಾಫೋರ್ ಅಂತ ಅದೇ ದುಡ್ಡಲ್ಲಿ ತುರುಕುತ್ತಾರೆ.

ಲಗ್ಗೆರೆಯ ಟೈಲರ್: ನನ್ನ ಕೂಲಿಯನ್ನೂ ಲಾಭಕ್ಕೇ ಸೇರಿಸಿಕೊಂಡಿದ್ದೆ ಅಣ್ಣ. ಟೈಮ್ ಬಗ್ಗೆ?

ಪೀಣ್ಯ ಕಡೆ ಯೂನಿಟ್ ಇಟ್ಟವರು: ಹಿಂದಿನಿಂದ ಎಣಿಸಿ. ಒಬ್ಬರು ದಿನಕ್ಕೆ ಎಂಟು ಶರ್ಟ್ ಅಂದರೆ ಮೂರು ಜನಕ್ಕೆ 25 ಹತ್ತಿರ. 380 ಶರ್ಟಿಗೆ 15 ದಿನ. ಚಡ್ಡಿ, ಸ್ಕರ್ಟ್ ಮೂವರಿಂದ ದಿನಕ್ಕೆ 40 ಹಿಡಿದರೆ 10 ದಿನ. ಒಟ್ಟು 25 ದಿನ, ಭಾನುವಾರ ಬಿಟ್ಟು. ಮೇ 25ಕ್ಕೆ ಮಾಲು ಕೊಡಬೇಕಾದರೆ ಏಪ್ರಿಲ್ 26ರ ಸುಮಾರಿಗೆ ಮೆಷಿನ್ ಓಡಬೇಕು. ಕಟಿಂಗ್ ಅದಕ್ಕೂ ಮೊದಲು. ಅಂದರೆ ಸೈಜ್ ಲಿಸ್ಟ್ ಏಪ್ರಿಲ್ 15ಕ್ಕೆ ನಿಮ್ಮ ಕೈಯಲ್ಲಿರಬೇಕು.

ಕೊಡುವುದಿಲ್ಲ. ಯಾವ ಶಾಲೆಯೂ ಕೊಟ್ಟದ್ದು ನಾನು ಕಂಡಿಲ್ಲ. ರಜಾ, ಅಡ್ಮಿಷನ್ ಮುಗಿದಿಲ್ಲ ಅಂತ ಮೇ ಮೊದಲ ವಾರಕ್ಕೆ ತಳ್ಳುತ್ತಾರೆ. ಅದಕ್ಕೆ ಮೊದಲೇ ಎರಡು ಕಂತು ಅಂತ ಮಾತಾಡಿಕೊಳ್ಳಿ. ಶಾಲೆ ಶುರುವಾಗುವ ದಿನ ಮಗುವಿಗೆ ಬೇಕಿರುವುದು ಒಂದು ಜೊತೆ ಮಾತ್ರ. 190 ಶರ್ಟ್ ಎಂಟು ದಿನ, 190 ಚಡ್ಡಿ ಐದು ದಿನ. ಲಿಸ್ಟ್ ಮೇ 5ಕ್ಕೆ ಬಂದರೂ 7ಕ್ಕೆ ಶುರು ಮಾಡಿ 21ಕ್ಕೆ ಮುಗಿಸಬಹುದು. ಎರಡನೇ ಜೊತೆ ಜೂನ್ 20. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಮೊದಲ ಕಂತಿನಲ್ಲಿ ಯಾರಿಗೆ ಬಿಗಿ, ಯಾರಿಗೆ ದೊಗಲೆ ಅಂತ ಗೊತ್ತಾಗಿಬಿಡುತ್ತದೆ, ಎರಡನೆಯದು ಸರಿಯಾದ ಸೈಜಲ್ಲೇ ಕತ್ತರಿಸಬಹುದು.

ಮಕ್ಕಳಿಗೆ ಟೇಪ್ ಹಿಡಿಯಲು ಹೋಗಬೇಡಿ. ಪ್ರತಿ ಸೈಜಿಗೆ ಒಂದು ಶರ್ಟ್, ಒಂದು ಚಡ್ಡಿ, ಒಂದು ಸ್ಕರ್ಟ್ ಹೊಲಿದು ಶಾಲೆಗೆ ಒಯ್ದು ಹಾಕಿಸಿ ನೋಡಿ. ಸರಿ ಕೂತರೆ ಮುಂದಿನ ಸೈಜ್ ಬರೆದುಕೊಳ್ಳಿ, ಮಕ್ಕಳು ಬೆಳೆಯುತ್ತಾರೆ. ಅಡಿ ಮಡಿಕೆ ಒಂದೂವರೆ ಇಂಚು ಬಿಡಿ.

ಮಾಗಡಿ ರೋಡಿನ ಟೈಲರ್: ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ 260 ಶರ್ಟ್ ಎಲ್ಲ ಹೊಲಿದು, ಮೇ ಕೊನೇ ವಾರ ಒಟ್ಟಿಗೆ ಮೂಟೆ ಕಟ್ಟಿ ಕಾಜಾ ಅಂಗಡಿಗೆ ಒಯ್ದೆ. ಅಲ್ಲಿ ನನ್ನ ಮುಂದೆ ಎಷ್ಟೋ ಮೂಟೆ. ನಾಲ್ಕು ದಿನ ಕಾದೆ. ಶರ್ಟ್ ರೆಡಿ, ತೂತು ಮಾತ್ರ ಇಲ್ಲ! ಈಗ ಎರಡು ದಿನಕ್ಕೊಮ್ಮೆ 50 ಕೊಟ್ಟು ಬರುತ್ತೇನೆ.

ಇನ್ನೊಂದು. ಅದೇ ಆರ್ಡರಲ್ಲಿ ಶಾಲೆಯವರು ಕೊಟ್ಟ ನೀಲಿ ಬಟ್ಟೆ ನಾಲ್ಕು ಥಾನ್ ಇತ್ತು. ಟ್ಯೂಬ್‌ಲೈಟಲ್ಲಿ ಎಲ್ಲ ಒಂದೇ ಬಣ್ಣ. ಕಾಲರ್ ಒಂದು ಥಾನಿನದು, ಮೈ ಇನ್ನೊಂದರದು. ಶಾಲೆಯ ಮೈದಾನದಲ್ಲಿ ಬಿಸಿಲಿಗೆ ಕಾಲರ್ ಬೇರೆಯೇ ಬಣ್ಣ ಹೊಡೆಯಿತು. 40 ಶರ್ಟಿನ ಕಾಲರ್ ಬಿಚ್ಚಿದೆ, ನನ್ನ ಖರ್ಚಲ್ಲಿ.

ಪೀಣ್ಯ ಕಡೆ ಯೂನಿಟ್ ಇಟ್ಟವರು: ಹೂಂ, ಬಣ್ಣದ ಲಾಟ್ ಬೇರೆ ಇದ್ದಿರಬೇಕು. ಬಟ್ಟೆ ಬಂದ ದಿನವೇ ಬಿಸಿಲಲ್ಲಿ ಥಾನ್ ಪಕ್ಕ ಥಾನ್ ಇಟ್ಟು ನೋಡಿ, ಮೀಟರ್ ಅಳೆದು ಅವರ ಸಹಿ ಹಾಕಿಸಿ. ಕತ್ತರಿಸುವಾಗ ಒಂದರ ಮೇಲೊಂದು ಹಾಸಿದ ಬಟ್ಟೆಯಲ್ಲಿ ಥಾನ್ ಬದಲಾದ ಕಡೆ ಒಂದು ಪೇಪರ್ ಇಡಿ. ಪ್ರತಿ ಪೀಸಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿದರೆ ಕಾಲರ್ ಅದರದೇ ಮೈಗೆ ಹೋಗುತ್ತದೆ. ಎಲ್ಲಕ್ಕೂ ಮೊದಲು ಅರ್ಧ ಮೀಟರ್ ಚೌಕ ಕತ್ತರಿಸಿ, ಒಗೆದು, ಒಣಗಿಸಿ ಅಳೆಯಿರಿ. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಕುಗ್ಗಿದರೆ ಶಾಲೆಯವರಿಗೆ ಆಗಲೇ ತಿಳಿಸಿ.

ಲಗ್ಗೆರೆಯ ಟೈಲರ್: ಇವತ್ತು ಮಾತಾಡಿ ಬಂದೆ. 225ಕ್ಕೆ ಒಪ್ಪಿದರು, ಎರಡು ಕಂತಿಗೂ ಸರಿ ಅಂದರು. ಆದರೆ ಲೇಟಾದರೆ ದಿನಕ್ಕೆ 500 ಹಿಡಿಯುತ್ತೇವೆ ಅಂತ ಬರೆದುಕೊಡಲು ಹೇಳುತ್ತಿದ್ದಾರೆ.

ಪೀಣ್ಯ ಕಡೆ ಯೂನಿಟ್ ಇಟ್ಟವರು: ಬರೆದುಕೊಡಿ, ಆದರೆ ತಾರೀಖು ಹಾಕಬೇಡಿ. "ಸೈಜ್ ಲಿಸ್ಟ್, ಪೂರ್ತಿ ಬಟ್ಟೆ, ಅಡ್ವಾನ್ಸ್ ಮೂರೂ ಕೈಸೇರಿದ 18ನೇ ದಿನಕ್ಕೆ ಮೊದಲ ಕಂತು" ಅಂತ ಬರೆಯಿರಿ. ಲಿಸ್ಟ್ ತಡ ಮಾಡಿದರೆ ನಿಮ್ಮ ದಿನವೂ ಮುಂದಕ್ಕೆ ಹೋಗುತ್ತದೆ.

ಮಾಗಡಿ ರೋಡಿನ ಟೈಲರ್: ನಾನಾದರೆ ಯಾವ ದಂಡಕ್ಕೂ ಸಹಿ ಹಾಕುವುದಿಲ್ಲ. ಒಬ್ಬ ಟೈಲರ್ ಮದುವೆ ಅಂತ ಊರಿಗೆ ಹೋದರೆ ಮುಗಿಯಿತು. ಬೇಕಾದರೆ ರೇಟ್ 10 ಕಮ್ಮಿ ಮಾಡಿ.

ಪೀಣ್ಯ ಕಡೆ ಯೂನಿಟ್ ಇಟ್ಟವರು: 10 ಕಮ್ಮಿ ಅಂದರೆ 3,800 ಈಗಲೇ ಹೋಯಿತಲ್ಲ ಅಣ್ಣ! ಏಳು ದಿನ ಲೇಟಾದರೂ ಅಷ್ಟು ದಂಡ ಬೀಳುವುದಿಲ್ಲ.

ಮಾಗಡಿ ರೋಡಿನ ಟೈಲರ್: ಲೆಕ್ಕ ಸರಿ. ನೀವು ದೊಡ್ಡ ಯೂನಿಟ್‌ನವರು, ನಾಳೆ ಇನ್ನೊಬ್ಬನನ್ನು ತಂದು ಕೂರಿಸುತ್ತೀರಿ. ನಮ್ಮಲ್ಲಿ ಆಗಲ್ಲ.

ಲಗ್ಗೆರೆಯ ಟೈಲರ್: ನನ್ನಲ್ಲೂ ಒಬ್ಬಳು ಮೇ ತಿಂಗಳಲ್ಲಿ ತಂಗಿ ಮದುವೆ ಅಂತಿದ್ದಾಳೆ. ಮೊದಲು ಅವಳ ಹತ್ತಿರ ತಾರೀಖು ಕೇಳಿಕೊಂಡು ಆಮೇಲೆ ಶಾಲೆಗೆ ಹೋಗುತ್ತೇನೆ.